ಮಾಹಿತಿ ಸೋರಿದಾಗ ಗ್ರಾಹಕರಿಗೆ ಬರೆಯುವ ಪತ್ರ

2016ರ ಅಕ್ಟೋಬರ್ 28ರಂದು ಆಸ್ಟ್ರೇಲಿಯದ ರೆಡ್ ಕ್ರಾಸ್ ರಕ್ತ ಸೇವಾ ಸಂಸ್ಥೆ ತನ್ನ ದಾನಿಗಳಿಗೆ ಒಂದು ಕೆಟ್ಟ ಸುದ್ದಿ ತಿಳಿಸಿತು. ರಕ್ತದಾನಕ್ಕೆ ಹೆಸರು ನೋಂದಾಯಿಸಿದ್ದ ಸುಮಾರು ಐದೂವರೆ ಲಕ್ಷ ಜನರ ವಿವರಗಳಿದ್ದ ಕಡತವೊಂದು ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಜಾಗದಲ್ಲಿ ಸೆಪ್ಟೆಂಬರ್‌ನಿಂದ ಬಿದ್ದಿತ್ತು. ಹೆಸರು, ವಿಳಾಸ, ಫೋನ್ ನಂಬರ್, ಹುಟ್ಟಿದ ದಿನ ಮಾತ್ರ ಆಗಿದ್ದರೆ ಒಂದು ಮಾತು. ರಕ್ತ ಕೊಡುವ ಮುನ್ನ ತುಂಬುವ ಪ್ರಶ್ನಾವಳಿಯ ಉತ್ತರಗಳೂ ಅದರಲ್ಲಿದ್ದವು. ಅಪಾಯಕಾರಿ ಎನ್ನಬಹುದಾದ ಲೈಂಗಿಕ ಸಂಪರ್ಕ ಇತ್ತೇ ಎಂಬ ಪ್ರಶ್ನೆಗೆ ಒಬ್ಬೊಬ್ಬರು ಕೊಟ್ಟಿದ್ದ ಉತ್ತರವೂ ಇತ್ತು. ಇಂಥ ಪ್ರಶ್ನೆಗೆ ಜನ ನಿಜ ಹೇಳುವುದು, ಕೇಳಿದವರ ಮೇಲೆ ನಂಬಿಕೆ ಇದ್ದಾಗ ಮಾತ್ರ.

ಕಡತವನ್ನು ತಪ್ಪು ಜಾಗದಲ್ಲಿ ಇಟ್ಟವರು ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಗುತ್ತಿಗೆ ಕಂಪನಿಯ ನೌಕರರು. ತೆರೆದು ಬಿಟ್ಟ ಸರ್ವರ್‌ಗಳನ್ನು ಹುಡುಕುತ್ತಿದ್ದ ಅಪರಿಚಿತ ವ್ಯಕ್ತಿಯೊಬ್ಬರ ಕಣ್ಣಿಗೆ ಅದು ಅಕ್ಟೋಬರ್ ಕೊನೆಯ ವಾರ ಬಿತ್ತು. ಅವರು ಭದ್ರತಾ ತಜ್ಞ ಟ್ರಾಯ್ ಹಂಟ್ ಅವರಿಗೆ ತಿಳಿಸಿದರು. ಹಂಟ್ ಅವರದ್ದೇ ದಾಖಲೆಯೂ ಆ ಕಡತದಲ್ಲಿತ್ತು. ಅವರು ಆಸ್ಟ್ರೇಲಿಯದ ತುರ್ತು ಸೈಬರ್ ತಂಡದ ಮೂಲಕ ಸಂಸ್ಥೆಗೆ ವಿಷಯ ಮುಟ್ಟಿಸಿದರು. ಅಲ್ಲಿಂದ ಕೆಲವೇ ದಿನಗಳಲ್ಲಿ ಸಂಸ್ಥೆಯ ಮುಖ್ಯಸ್ಥೆ ಮಾಧ್ಯಮದ ಮುಂದೆ ನಿಂತು ಏನಾಯಿತೆಂದು ಹೇಳಿ ಕ್ಷಮೆ ಕೇಳಿದ್ದರು. ದಾನಿಗಳಿಗೆ ಎಸ್‌ಎಂಎಸ್, ಇ-ಮೇಲ್ ಹೋಗತೊಡಗಿದ್ದವು, ಕರೆ ಮಾಡಲು ಒಂದು ಸಹಾಯವಾಣಿ ತೆರೆದಿತ್ತು. ತಪ್ಪು ಗುತ್ತಿಗೆದಾರರದ್ದು ಎಂದು ಹೇಳಿ ಸಂಸ್ಥೆ ಕೈ ತೊಳೆದುಕೊಳ್ಳಲಿಲ್ಲ. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರು ತನಿಖಾ ವರದಿ ಕೊಟ್ಟಾಗ, ಸಂಸ್ಥೆಯ ಲೋಪಗಳನ್ನು ಪಟ್ಟಿ ಮಾಡಿದ ಜೊತೆಗೆ ಸುದ್ದಿ ತಿಳಿದ ಮೇಲೆ ಅದು ನಡೆದುಕೊಂಡ ರೀತಿಯನ್ನು ಮೆಚ್ಚಿದ್ದರು.

ಈ ಪ್ರಸಂಗವನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಇದುವರೆಗೆ ಸೋರಿಕೆಯ ಸುದ್ದಿ ಗ್ರಾಹಕರಿಗೆ ತಲುಪುತ್ತಿದ್ದುದು ಹೆಚ್ಚಾಗಿ ಪತ್ರಿಕೆಗಳಿಂದಲೇ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಕಂಪನಿಗಳು ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಕಾರದ ಆ ಸಂಸ್ಥೆಗೆ ವರದಿ ಮಾಡಬೇಕು. ಆದರೆ ಯಾರ ಮಾಹಿತಿ ಹೋಯಿತೋ ಅವರಿಗೆ ಹೇಳಬೇಕೆಂದು ಆ ನಿರ್ದೇಶನ ಕೇಳುವುದಿಲ್ಲ. ಅದನ್ನು ಕೇಳುವುದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸೋರಿಕೆ ತಿಳಿಸುವ ಹೊಣೆ ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ, ಜಾರಿಗೆ ಬರುತ್ತದೆ. ತಿಳಿಸದೆ ಹೋದರೆ 200 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ನಿಯಮ ಕೇಳುವುದು ಇಷ್ಟು. ತೊಂದರೆಗೆ ಒಳಗಾದ ಪ್ರತಿಯೊಬ್ಬರಿಗೂ ತಡಮಾಡದೆ, ಚುಟುಕಾಗಿ, ಸ್ಪಷ್ಟವಾಗಿ, ಸರಳವಾಗಿ ತಿಳಿಸಬೇಕು. ಏನು, ಎಷ್ಟು, ಯಾವಾಗ ಆಯಿತು, ಅದರಿಂದ ಆ ವ್ಯಕ್ತಿಗೆ ಏನಾಗಬಹುದು, ಕಂಪನಿ ಏನು ಮಾಡಿದೆ, ಅವರು ತಮ್ಮ ರಕ್ಷಣೆಗೆ ಏನು ಮಾಡಿಕೊಳ್ಳಬಹುದು, ಕೇಳಬೇಕಾದರೆ ಯಾರನ್ನು ಕೇಳಬೇಕು ಎಂಬುದೆಲ್ಲ ಅದರಲ್ಲಿರಬೇಕು. ಓದಲು ಸುಲಭ. ಬರೆಯಲು ಕೂತಾಗ ಗೊತ್ತಾಗುತ್ತದೆ, ಇದರಲ್ಲಿ ಒಂದೊಂದಕ್ಕೂ ಉತ್ತರ ಅರ್ಧ ಮಾತ್ರ ಕೈಯಲ್ಲಿರುತ್ತದೆ. ಆ ಅರ್ಧವನ್ನು ಅರ್ಧವೆಂದೇ ಬರೆಯುವುದು ಹೇಗೆ ಎನ್ನುವುದೇ ಈ ಕೆಲಸದ ಕಷ್ಟವೆಲ್ಲ.

ಒಂದು ಸನ್ನಿವೇಶ ಇಟ್ಟುಕೊಂಡು ನೋಡೋಣ. ನಮ್ಮ ಯಾವುದೋ ಜಿಲ್ಲಾ ಕೇಂದ್ರದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್ ಇದೆ ಎಂದುಕೊಳ್ಳಿ. ಸಕ್ಕರೆ, ಥೈರಾಯ್ಡ್, ಲಿವರ್, ಗರ್ಭಪರೀಕ್ಷೆ, ಎಚ್‌ಐವಿ, ಎಲ್ಲವನ್ನೂ ಮಾಡುತ್ತಾರೆ. ರಿಪೋರ್ಟ್ ಸಿದ್ಧವಾದರೆ ರೋಗಿಯ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ಮಾರ್ಚ್ 3ರಂದು ಸಾಫ್ಟ್‌ವೇರ್ ಕಂಪನಿಯವರು ಹೊಸ ಆವೃತ್ತಿ ಹಾಕಿದರು. ಅಂದಿನಿಂದ ಲಿಂಕಿನ ಕೊನೆಯ ಭಾಗ ಹೀಗಿದೆ:

```
report?id=48213
```

ಒಬ್ಬ ರೋಗಿಯ ಮಗ ಆಗಸ್ಟ್ 12ರ ಬೆಳಿಗ್ಗೆ ಆ ಸಂಖ್ಯೆಯ ಕೊನೆಯ ಅಂಕಿಯನ್ನು ತಪ್ಪಾಗಿ ಒತ್ತಿದ. ಬೇರೆ ಯಾರದೋ ರಿಪೋರ್ಟ್ ತೆರೆದುಕೊಂಡಿತು, ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಅವನು ಲ್ಯಾಬಿಗೆ ಫೋನ್ ಮಾಡಿ ಹೇಳಿದ. ಮಧ್ಯಾಹ್ನ ಎರಡು ಗಂಟೆಗೆ ಲಿಂಕುಗಳನ್ನು ನಿಲ್ಲಿಸಿದರು. ಲ್ಯಾಬಿನ ವ್ಯವಸ್ಥೆಯಲ್ಲಿ ಒಟ್ಟು 61,000 ರಿಪೋರ್ಟ್‌ಗಳಿದ್ದವು. ಮಾರ್ಚ್ 3ರಿಂದ ಆಗಸ್ಟ್ 12ರವರೆಗೆ ಅಷ್ಟೂ ರಿಪೋರ್ಟ್‌ಗಳು ಸಂಖ್ಯೆ ಬದಲಿಸಿದವರಿಗೆ ಸಿಗುವಂತಿದ್ದವು.

ಸಿಗುವಂತಿದ್ದವು ಸರಿ, ಯಾರಾದರೂ ತೆಗೆದುಕೊಂಡರೇ? ಅದನ್ನು ಹೇಳಬೇಕಾದದ್ದು ಸರ್ವರ್‌ನ ಲಾಗ್. ಯಾವ ಹೊತ್ತಿನಲ್ಲಿ, ಯಾವ ಇಂಟರ್‌ನೆಟ್ ವಿಳಾಸದಿಂದ, ಯಾವ ಪುಟ ಕೇಳಿದರು ಎಂದು ಸರ್ವರ್ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯ ರೋಗಿ ತನ್ನ ರಿಪೋರ್ಟನ್ನು ಎರಡು ಮೂರು ಸಲ ತೆರೆಯುತ್ತಾನೆ, ಡಾಕ್ಟರಿಗೆ ಕಳಿಸುತ್ತಾನೆ. ಲಾಗ್‌ನಲ್ಲಿ ಅದು ಅಲ್ಲೊಂದು ಇಲ್ಲೊಂದು ಸಾಲಾಗಿ ಕಾಣುತ್ತದೆ. ಆದರೆ ಆಗಸ್ಟ್ 2ರ ರಾತ್ರಿ 11.40ರಿಂದ 12.42ರವರೆಗೆ ಒಂದೇ ವಿಳಾಸದಿಂದ 48213, 48214, 48215 ಎಂದು ಕ್ರಮವಾಗಿ, ಎರಡೆರಡು ಸೆಕೆಂಡಿಗೆ ಒಂದರಂತೆ, 1,860 ರಿಪೋರ್ಟ್‌ಗಳು ಹೊರಗೆ ಹೋಗಿವೆ. ಮನುಷ್ಯರು ಹೀಗೆ ಓದುವುದಿಲ್ಲ. ಯಾರೋ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಇಳಿಸಿಕೊಂಡಿದ್ದಾರೆ. ಕದಿಯಲು ಬಂದವರೋ, ಕುತೂಹಲಕ್ಕೆ ಮಾಡಿದ ವಿದ್ಯಾರ್ಥಿಯೋ, ಲಾಗ್‌ಗೆ ಗೊತ್ತಿರುವುದಿಲ್ಲ.

ಇನ್ನೊಂದು ತೊಡಕು. ಲ್ಯಾಬ್ ಲಾಗ್‌ಗಳನ್ನು ಇಟ್ಟುಕೊಳ್ಳುತ್ತಿದ್ದುದು ಮೂವತ್ತು ದಿನ ಮಾತ್ರ, ಹಳೆಯವು ತಾವಾಗಿ ಅಳಿಸಿಹೋಗುತ್ತವೆ. ಅಂದರೆ ಜುಲೈ 13ರಿಂದ ಈಚೆಗೆ ನಡೆದದ್ದು ಕಾಣುತ್ತದೆ, ಮಾರ್ಚ್ 3ರಿಂದ ಜುಲೈ 12ರವರೆಗಿನ ನಾಲ್ಕು ತಿಂಗಳಿಗೂ ಮೀರಿದ ಕಾಲ ಪೂರ್ತಿ ಕತ್ತಲೆ. (ಸರ್ಟ್-ಇನ್ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಬೇಕೆಂದು ಹೇಳುತ್ತದೆ. ಈ ಲ್ಯಾಬ್ ಇಟ್ಟಿಲ್ಲ, ಇಡದವರು ಬಹಳ ಜನ.)

ಈಗ ಪತ್ರ ಬರೆಯಬೇಕು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಮೊದಲು ಹುಟ್ಟುವ ಕರಡು ಹೀಗಿರುತ್ತದೆ:

"ನಮ್ಮ ತಂತ್ರಾಂಶ ವ್ಯವಸ್ಥೆಯಲ್ಲಿ ಅನಪೇಕ್ಷಿತ ಚಟುವಟಿಕೆಯೊಂದು ಗಮನಕ್ಕೆ ಬಂದಿದ್ದು, ಸೀಮಿತ ಸಂಖ್ಯೆಯ ಗ್ರಾಹಕರ ಕೆಲವು ಮಾಹಿತಿ ಬಾಧಿತವಾಗಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಮಾಹಿತಿ ದುರ್ಬಳಕೆಯಾಗಿರುವ ಬಗ್ಗೆ ಈವರೆಗೆ ಯಾವುದೇ ಪುರಾವೆ ಕಂಡುಬಂದಿಲ್ಲ. ಮುನ್ನೆಚ್ಚರಿಕೆಯಾಗಿ ಪಾಸ್‌ವರ್ಡ್ ಬದಲಿಸಿಕೊಳ್ಳಲು ಕೋರಲಾಗಿದೆ. ಗ್ರಾಹಕರ ಗೌಪ್ಯತೆಯೇ ನಮ್ಮ ಪರಮ ಆದ್ಯತೆ."

ಇದರಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಮಾತು ಕಡಿಮೆ. ಆದರೂ ಓದಿದವರಿಗೆ ತಮ್ಮ ರಿಪೋರ್ಟ್ ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಪಾಸ್‌ವರ್ಡೇ ಇಲ್ಲದ ಕಡೆ ಪಾಸ್‌ವರ್ಡ್ ಬದಲಿಸಿ ಎಂದಿದ್ದಾರೆ. ಬೇರೆ ಯಾವುದೋ ಕಂಪನಿಯ ಪತ್ರದಿಂದ ಎತ್ತಿ ಹಾಕಿದ ಸಲಹೆ ಅದು. ಓದುವವರು ಎಲ್ಲಿ ಬದಲಿಸುವುದೆಂದು ಹುಡುಕಿ ಸುಸ್ತಾಗುತ್ತಾರೆ, ಇಲ್ಲವೇ ಬ್ಯಾಂಕಿನ ಪಾಸ್‌ವರ್ಡೇ ಹೋಯಿತೆಂದು ಹೆದರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ನೋಡಬೇಕಾದದ್ದು ಪುರಾವೆ ಕಂಡುಬಂದಿಲ್ಲ ಎಂಬ ವಾಕ್ಯ. ಪ್ರಪಂಚದಲ್ಲೆಲ್ಲ ಇಂಥ ಪತ್ರಗಳಲ್ಲಿ ತಪ್ಪದೆ ಬರುವ ವಾಕ್ಯ ಇದು. ಇದನ್ನು ಓದಿದಾಗ ಕೇಳಬೇಕಾದ್ದು ಒಂದೇ: ಪುರಾವೆ ಇದ್ದಿದ್ದರೆ ನಿಮಗೆ ಕಾಣುತ್ತಿತ್ತೇ? ಐದು ತಿಂಗಳ ಲಾಗ್ ಪೂರ್ತಿ ಇಟ್ಟುಕೊಂಡು, ಸಾಲು ಸಾಲೂ ನೋಡಿ, ಏನೂ ಇಲ್ಲ ಎಂದರೆ ಆ ಮಾತಿಗೆ ತೂಕವಿದೆ. ನಾಲ್ಕು ತಿಂಗಳ ಲಾಗ್ ಅಳಿಸಿಹೋಗಿದ್ದಾಗ ಅದೇ ವಾಕ್ಯ ಬರೆದರೆ, ನೋಡಲು ಏನೂ ಇಲ್ಲದ್ದರಿಂದ ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ. ಓದುವವರು ಮಾತ್ರ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ, ಸಮಾಧಾನ ಪಡುತ್ತಾರೆ. ಆ ಸಮಾಧಾನ ಅವರಿಗೆ ಸಲ್ಲದ್ದು. ದುರ್ಬಳಕೆಯ ವಿಷಯದಲ್ಲಂತೂ ಪುರಾವೆ ಲ್ಯಾಬಿನ ಒಳಗೆ ಸಿಗುವುದೇ ಇಲ್ಲ. ರಿಪೋರ್ಟ್ ಕದ್ದವನು ಯಾರಿಗೋ ಫೋನ್ ಮಾಡಿ ಮೋಸ ಮಾಡಿದರೆ ಅದು ಗೊತ್ತಾಗುವುದು ಮೋಸಹೋದವರಿಗೆ, ಸರ್ವರ್‌ಗೆ ಅಲ್ಲ.

ಆತುರದ ಸಮಾಧಾನ ಮುಂದೆ ಏನಾಗುತ್ತದೆ ಎಂಬುದಕ್ಕೆ ಲಾಸ್ಟ್‌ಪಾಸ್ ಕಂಪನಿಯ ಉದಾಹರಣೆ ಇದೆ. ಜನರ ಪಾಸ್‌ವರ್ಡ್‌ಗಳನ್ನು ಒಂದೆಡೆ ಜೋಪಾನವಾಗಿಡುವುದೇ ಅದರ ವ್ಯಾಪಾರ. 2022ರ ಆಗಸ್ಟ್ ಕೊನೆಯಲ್ಲಿ ಅದು ತನ್ನ ಸಾಫ್ಟ್‌ವೇರ್ ತಯಾರಿಯ ವ್ಯವಸ್ಥೆಗೆ ಯಾರೋ ನುಗ್ಗಿದ್ದಾರೆಂದು ತಿಳಿಸಿತು. ಗ್ರಾಹಕರ ಮಾಹಿತಿ ಮುಟ್ಟಿದ್ದಕ್ಕೆ ಪುರಾವೆ ಕಂಡಿಲ್ಲ, ಗ್ರಾಹಕರು ಏನೂ ಮಾಡಬೇಕಿಲ್ಲ ಎಂದಿತು. ನವೆಂಬರ್ ಕೊನೆಯಲ್ಲಿ ಗ್ರಾಹಕರ ಮಾಹಿತಿಯ ಕೆಲವು ಭಾಗ ಹೋಗಿದೆ ಎಂದಿತು. ಡಿಸೆಂಬರ್ 22ರಂದು, ಜನರ ಪಾಸ್‌ವರ್ಡ್ ಖಜಾನೆಯ ಬ್ಯಾಕಪ್ ಪ್ರತಿಗಳೇ ಹೋಗಿವೆ ಎಂದಿತು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾವ ಯಾವ ವೆಬ್‌ಸೈಟ್‌ಗೆ ಎಂಬ ವಿಳಾಸಗಳು ಬಿಡಿಸಿಟ್ಟಂತೆಯೇ ಇದ್ದವು. ಆಗಸ್ಟ್‌ನ ಮಾತು ಆ ದಿನದ ಮಟ್ಟಿಗೆ ಅವರಿಗೆ ಗೊತ್ತಿದ್ದದ್ದೇ ಇರಬಹುದು. ಆದರೆ ಇನ್ನಷ್ಟು ಕೆಟ್ಟ ಸುದ್ದಿ ಬರಬಹುದು ಎಂಬ ಬಾಗಿಲನ್ನು ತೆರೆದಿಡದೆ ಹೇಳಿದ್ದರಿಂದ, ಡಿಸೆಂಬರ್‌ನ ಪ್ರಕಟಣೆ ಬಂದಾಗ ಹಿಂದಿನವೆಲ್ಲ ಸುಳ್ಳೆಂದು ಜನರಿಗೆ ಅನಿಸಿತು. ಅಂದಿನಿಂದ ಕಂಪನಿ ಹೇಳಿದ ನಿಜವನ್ನೂ ನಂಬುವುದು ಕಷ್ಟವಾಯಿತು.

ಹೋಗಿಲ್ಲ ಎಂದು ಹೇಳಬಾರದೆಂದಲ್ಲ. ಹೇಳಬೇಕು, ಕಾರಣ ಸಮೇತ ಹೇಳಬೇಕು. 2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ತನ್ನ ಪ್ರಯಾಣಿಕರಿಗೆ ಬರೆದ ಪತ್ರದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. ಅದರ ಪ್ರಯಾಣಿಕರ ಮಾಹಿತಿ ನೋಡಿಕೊಳ್ಳುತ್ತಿದ್ದ ಸೀಟಾ ಎಂಬ ಸಂಸ್ಥೆಯ ವ್ಯವಸ್ಥೆಗೆ ದಾಳಿಯಾಗಿತ್ತು. ಪ್ರಪಂಚದಾದ್ಯಂತ ಸುಮಾರು 45 ಲಕ್ಷ ಪ್ರಯಾಣಿಕರ ವಿವರ, 2011ರ ಆಗಸ್ಟ್ 26ರಿಂದ 2021ರ ಫೆಬ್ರವರಿ 3ರವರೆಗೆ ನೋಂದಣಿಯಾದದ್ದು, ಸೋರಿತ್ತು ಎಂದು ಪತ್ರ ದಿನಾಂಕ ಸಮೇತ ಹೇಳಿತು. ಆ ನಡುವೆ ಟಿಕೆಟ್ ಮಾಡಿಸಿದವರು ತಾವು ಆ ಗುಂಪಿನಲ್ಲಿರಬಹುದೇ ಎಂದು ತಾವೇ ಲೆಕ್ಕ ಹಾಕಬಹುದಿತ್ತು. ಹೆಸರು, ಪಾಸ್‌ಪೋರ್ಟ್ ವಿವರ, ಕ್ರೆಡಿಟ್ ಕಾರ್ಡ್ ಮಾಹಿತಿ ಹೋಗಿದೆ, ಆದರೆ ಕಾರ್ಡ್ ಹಿಂದಿನ ಸಿವಿವಿ ಸಂಖ್ಯೆ ಹೋಗಿಲ್ಲ, ಏಕೆಂದರೆ ಅದನ್ನು ಸೀಟಾ ಇಟ್ಟುಕೊಂಡೇ ಇರಲಿಲ್ಲ ಎಂದಿತು. ಆ ಏಕೆಂದರೆ ಇರುವುದರಿಂದ ಮಾತನ್ನು ನಂಬಬಹುದು. ಪತ್ರದ ದೊಡ್ಡ ಕೊರತೆ ಅದು ತಲುಪಿದ ಹೊತ್ತು. ಸೀಟಾ ಮೊದಲು ತಿಳಿಸಿದ್ದು ಫೆಬ್ರವರಿ ಕೊನೆಯಲ್ಲಿ, ಯಾರ್‍ಯಾರ ವಿವರ ಹೋಯಿತೆಂಬ ಪಟ್ಟಿ ಕೈಗೆ ಬಂದದ್ದು ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲಲ್ಲಿ, ಪ್ರಯಾಣಿಕರಿಗೆ ವಿವರವಾದ ಪತ್ರ ಮೇನಲ್ಲಿ. ಪೂರ್ತಿ ಪಟ್ಟಿ ಬರಲೆಂದು ಕಾಯುವುದು ಸಹಜ ಅನಿಸುತ್ತದೆ. ಆ ಕಾಯುವಿಕೆಯಲ್ಲಿ ಪ್ರಯಾಣಿಕರು ಕಾರ್ಡ್ ಬದಲಿಸಿಕೊಳ್ಳಬಹುದಾದ ವಾರಗಳು ಕಳೆದವು.

ನಮ್ಮ ಲ್ಯಾಬಿಗೆ ಮರಳಿ ಬರೋಣ. ಇಲ್ಲಿ ಒಂದು ಪತ್ರ ಸಾಲದು, ಎರಡು ಬೇಕು. 1,860 ರಿಪೋರ್ಟ್‌ಗಳ ವಾರಸುದಾರರಿಗೆ ನಿಮ್ಮದು ಹೋಗಿದೆ ಎಂದು ಖಚಿತವಾಗಿ ಹೇಳಬಹುದು. ಉಳಿದವರಿಗೆ ಹೋಗಿದೆ ಎನ್ನಲೂ ಬಾರದು, ಹೋಗಿಲ್ಲ ಎನ್ನಲೂ ಬಾರದು. ಎರಡೂ ಗುಂಪಿಗೆ ಹೋಗಿರಬಹುದು ಎಂಬ ಒಂದೇ ಪತ್ರ ಕಳಿಸಿದರೆ ಮೊದಲಿನವರಿಗೆ ಎಚ್ಚರ ಸಾಲದಾಗುತ್ತದೆ, ಎರಡನೆಯವರಿಗೆ ಭಯ ಹೆಚ್ಚಾಗುತ್ತದೆ. ಮೊದಲಿನವರ ಪತ್ರ ಹೀಗಿರಬಹುದು:

"ನಮಸ್ಕಾರ. ನಮ್ಮ ಲ್ಯಾಬಿನಲ್ಲಿ ನೀವು ಮಾಡಿಸಿದ ಪರೀಕ್ಷೆಯ ರಿಪೋರ್ಟನ್ನು ಆಗಸ್ಟ್ 2ರ ರಾತ್ರಿ ಅಪರಿಚಿತರೊಬ್ಬರು ಇಂಟರ್‌ನೆಟ್ ಮೂಲಕ ತೆಗೆದುಕೊಂಡಿದ್ದಾರೆ. ರಿಪೋರ್ಟ್‌ನಲ್ಲಿ ನಿಮ್ಮ ಹೆಸರು, ವಯಸ್ಸು, ಮೊಬೈಲ್ ನಂಬರ್, ಪರೀಕ್ಷೆಯ ಹೆಸರು, ಫಲಿತಾಂಶ ಮತ್ತು ಬರೆದುಕೊಟ್ಟ ಡಾಕ್ಟರ ಹೆಸರು ಇವೆ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಅದರಲ್ಲಿಲ್ಲ. ಅವನ್ನು ನಾವು ಕೇಳಿ ಪಡೆಯುವುದೇ ಇಲ್ಲ.

ರಿಪೋರ್ಟಿನ ಲಿಂಕ್ ಬೇರೆಯವರಿಗೆ ತೆರೆಯದಂತೆ ನಾವು ಕಾಪಾಡಬೇಕಿತ್ತು, ಕಾಪಾಡಲಿಲ್ಲ. ಇದು ನಮ್ಮ ತಪ್ಪು, ಕ್ಷಮಿಸಿ. ಆಗಸ್ಟ್ 12ರ ಮಧ್ಯಾಹ್ನದಿಂದ ಹಳೆಯ ಲಿಂಕ್‌ಗಳು ತೆರೆಯುವುದಿಲ್ಲ. ರಿಪೋರ್ಟ್ ಬೇಕಾದರೆ ಲ್ಯಾಬಿಗೆ ಬಂದು ರಸೀದಿ ತೋರಿಸಿ ಪಡೆಯಿರಿ.

ಯಾರಾದರೂ ನಿಮ್ಮ ಪರೀಕ್ಷೆಯ ಹೆಸರು, ಫಲಿತಾಂಶ ಸರಿಯಾಗಿ ಹೇಳಿ, ಲ್ಯಾಬಿನಿಂದ ಅಥವಾ ಆಸ್ಪತ್ರೆಯಿಂದ ಮಾತಾಡುತ್ತಿದ್ದೇವೆ ಎಂದು ಹಣ ಕೇಳಬಹುದು, ಔಷಧಿ ಮಾರಲು ನೋಡಬಹುದು, ವಿಷಯ ಹೊರಗೆ ಹಾಕುತ್ತೇವೆ ಎಂದು ಹೆದರಿಸಬಹುದು. ಹಣ ಕೊಡಬೇಡಿ. ಕರೆ ಬಂದ ನಂಬರ್ ಬರೆದಿಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ, ನಮಗೂ ತಿಳಿಸಿ. ಆ ವ್ಯಕ್ತಿ ಯಾರೆಂದು ನಮಗೆ ಇನ್ನೂ ಗೊತ್ತಾಗಿಲ್ಲ. ಆಗಸ್ಟ್ 26ರೊಳಗೆ, ಹೊಸ ವಿಷಯ ಸಿಗಲಿ ಸಿಗದಿರಲಿ, ನಿಮಗೆ ಮತ್ತೆ ಬರೆಯುತ್ತೇವೆ."

ಎರಡನೆಯ ಗುಂಪಿನವರ ಪತ್ರದಲ್ಲಿ ಬದಲಾಗುವುದು ಮುಖ್ಯವಾಗಿ ಒಂದು ಭಾಗ: "ಜುಲೈ 13ರಿಂದ ಈಚೆಗೆ ನಿಮ್ಮ ರಿಪೋರ್ಟನ್ನು ಈ ರೀತಿ ತೆಗೆದುಕೊಂಡಿಲ್ಲ ಎಂದು ದಾಖಲೆ ನೋಡಿ ಹೇಳುತ್ತಿದ್ದೇವೆ. ಮಾರ್ಚ್ 3ರಿಂದ ಜುಲೈ 12ರವರೆಗಿನ ದಾಖಲೆಯನ್ನು ನಾವು ಇಟ್ಟುಕೊಂಡಿರಲಿಲ್ಲ. ಆ ಅವಧಿಯಲ್ಲಿ ಯಾರಾದರೂ ನೋಡಿದರೇ ಎಂಬುದು ನಮಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಉಳಿದಿಲ್ಲ." ವಕೀಲರು ಈ ವಾಕ್ಯವನ್ನು ತೆಗೆಯಿರಿ ಎನ್ನುತ್ತಾರೆ, ದಾಖಲೆ ಇಡದ ತಪ್ಪನ್ನು ನಾವೇ ಬರೆದುಕೊಟ್ಟಂತಾಗುತ್ತದೆ ಎನ್ನುತ್ತಾರೆ. ಅವರ ಆತಂಕ ಪೊಳ್ಳಲ್ಲ. ಆದರೆ ಕಾಯ್ದೆಯಡಿಯ ಮಾಹಿತಿ ಸಂರಕ್ಷಣಾ ಮಂಡಳಿ ತನಿಖೆಗೆ ಬಂದಾಗ ಮೊದಲು ಕೇಳುವುದೇ ಲಾಗ್. ಗ್ರಾಹಕರಿಂದ ಮುಚ್ಚಿಟ್ಟದ್ದು ಅಲ್ಲಿ ಹೊರಬಂದರೆ, ಒಂದು ಲೋಪವಿದ್ದದ್ದು ಎರಡಾಗುತ್ತದೆ. ಸಾಫ್ಟ್‌ವೇರ್ ಕಂಪನಿಯ ಹೆಸರು ಪತ್ರದಲ್ಲಿ ಬಂದಿಲ್ಲ, ಅದನ್ನೂ ಗಮನಿಸಿ. ಕಾಯ್ದೆಯ ಪ್ರಕಾರ ಹೊಣೆ ಲ್ಯಾಬಿನದೇ. ಆ ಕಂಪನಿಯ ಮೇಲಿನ ಜಗಳ ಬೇರೆ ಕಡೆ ಆಡಬೇಕಾದದ್ದು. ರಕ್ತ ಕೊಟ್ಟು ಬಂದವರಿಗೆ ಆ ಕಂಪನಿ ಯಾರೆಂದೇ ಗೊತ್ತಿಲ್ಲ.

ಪತ್ರ ಸಿದ್ಧವಾಯಿತು, ಕಳಿಸುವುದು ಹೇಗೆ? ಇಲ್ಲಿ ನಮ್ಮ ದೇಶದ್ದೇ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಎಷ್ಟೋ ಸಲ ಮೊಬೈಲ್ ಒಬ್ಬರದ್ದಾಗಿರುವುದಿಲ್ಲ. ಹೆಂಡತಿಯ ಪರೀಕ್ಷೆಗೆ ಗಂಡನ ನಂಬರ್ ಕೊಟ್ಟಿರುತ್ತಾರೆ, ಅಜ್ಜಿಯ ಹೆಸರಿಗೆ ಮೊಮ್ಮಗನ ನಂಬರ್ ಇರುತ್ತದೆ. ಕಾಲೇಜು ಹುಡುಗಿಯೊಬ್ಬಳು ಗರ್ಭಪರೀಕ್ಷೆ ಮಾಡಿಸಿದ್ದಾಳೆ ಎಂದುಕೊಳ್ಳಿ, ನಂಬರ್ ಅಪ್ಪನದು. ನಿಮ್ಮ ಇಂಥ ಪರೀಕ್ಷೆಯ ರಿಪೋರ್ಟ್ ಹೋಗಿದೆ ಎಂದು ಆ ನಂಬರಿಗೆ ಎಸ್‌ಎಂಎಸ್ ಹೋದರೆ ಕಳ್ಳ ಮಾಡದ ಹಾನಿಯನ್ನು ಲ್ಯಾಬೇ ಮಾಡಿದಂತಾಗುತ್ತದೆ. ಆದ್ದರಿಂದ ಮೇಲಿನ ಪತ್ರದಲ್ಲೂ ಪರೀಕ್ಷೆಯ ಹೆಸರಿಲ್ಲ, ಎಸ್‌ಎಂಎಸ್‌ನಲ್ಲಿ ಅದಕ್ಕಿಂತ ಕಡಿಮೆ ಇರಬೇಕು:

"ನಮ್ಮಲ್ಲಿರುವ ನಿಮ್ಮ ಮಾಹಿತಿಯ ಸುರಕ್ಷತೆ ಬಗ್ಗೆ ಮುಖ್ಯ ವಿಷಯ ತಿಳಿಸಬೇಕಿದೆ. ನಿಮ್ಮ ರಸೀದಿಯಲ್ಲಿರುವ ಲ್ಯಾಬ್ ನಂಬರಿಗೆ ಕರೆ ಮಾಡಿ ಅಥವಾ ಲ್ಯಾಬಿಗೆ ಬನ್ನಿ. ನಾವು ಹಣ, ಒಟಿಪಿ ಕೇಳುವುದಿಲ್ಲ."

ಇದರಲ್ಲಿ ಲಿಂಕ್ ಇಲ್ಲ, ಹೊಸ ಫೋನ್ ನಂಬರೂ ಇಲ್ಲ. ಸೋರಿಕೆಯ ಸುದ್ದಿ ಹಬ್ಬಿದ ಕೂಡಲೇ ಅದರ ಹೆಸರಿನಲ್ಲೇ ಮೋಸದ ಸಂದೇಶಗಳು ಹೊರಡುತ್ತವೆ. ಹತ್ತು ಸಂದೇಶದಲ್ಲಿ ಯಾವುದು ನಿಜವೆಂದು ಗ್ರಾಹಕರು ಕಂಡುಹಿಡಿಯುವುದು ಕಷ್ಟ. ಅವರ ಮನೆಯ ಡ್ರಾಯರಿನಲ್ಲಿ ಆಗಲೇ ಇರುವ ರಸೀದಿಯ ನಂಬರನ್ನು ಮೋಸಗಾರರು ಬದಲಿಸಲಾರರು. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ಇದಕ್ಕೆ ತಿರುಗುಮುರುಗಾಗಿ ಮಾಡಿತ್ತು. 2017ರಲ್ಲಿ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಹೋದಾಗ ತನ್ನ ಮಾಮೂಲಿ ವೆಬ್‌ಸೈಟ್ ಬಿಟ್ಟು `equifaxsecurity2017.com` ಎಂಬ ಹೊಸ ವಿಳಾಸ ತೆರೆಯಿತು. ಅದು ಎಷ್ಟು ಸುಲಭವಾಗಿ ನಕಲಾಗಬಹುದೆಂದು ತೋರಿಸಲು ಸಾಫ್ಟ್‌ವೇರ್ ಪರಿಣತರೊಬ್ಬರು `securityequifax2017.com` ಎಂದು ಪದ ಹಿಂದುಮುಂದು ಮಾಡಿದ ತಾಣ ತೆರೆದಿಟ್ಟರು. ಕೊನೆಗೆ ಕಂಪನಿಯ ಅಧಿಕೃತ ಟ್ವಿಟರ್ ಖಾತೆಯೇ ಗ್ರಾಹಕರಿಗೆ ಆ ನಕಲಿ ವಿಳಾಸವನ್ನು ಕೊಟ್ಟಿತು.

ಎಸ್‌ಎಂಎಸ್ ವಿಷಯದಲ್ಲಿ ಇನ್ನೊಂದು ಒಣ ಸಂಗತಿ ಇದೆ, ಗೊತ್ತಿಲ್ಲದಿದ್ದರೆ ಕೆಲಸ ಕೆಡುತ್ತದೆ. ನಮ್ಮಲ್ಲಿ ಕಂಪನಿಗಳು ಕಳಿಸುವ ಎಸ್‌ಎಂಎಸ್‌ನ ಮಾದರಿಯನ್ನು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದಂತೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ನೋಂದಾಯಿಸದ ಮಾದರಿಯ ಸಂದೇಶ ಹೋಗುವುದೇ ಇಲ್ಲ. ಆಗಸ್ಟ್ 12ರ ಸಂಜೆ ಎಲ್ಲ ತಯಾರಾಗಿ ಕೂತ ಲ್ಯಾಬಿನವರಿಗೆ ಆಗ ಈ ವಿಷಯ ಗೊತ್ತಾದರೆ, ಒಪ್ಪಿಗೆ ಬರುವವರೆಗೆ ಸುಮ್ಮನೆ ಕಾಯಬೇಕು. ಮೇಲಿನ ಮೂರು ಸಾಲಿನ ಸಂದೇಶದಲ್ಲಿ ಘಟನೆಯ ವಿವರವೇ ಇಲ್ಲ. ಹಾಗಾಗಿ ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಏನೂ ಆಗದ ಕಾಲದಲ್ಲೇ ನೋಂದಾಯಿಸಿ ಇಟ್ಟುಕೊಳ್ಳಬಹುದು.

ಕನ್ನಡದಲ್ಲೂ ಎಂದೆ. ಗ್ರಾಹಕರಿಂದ ಒಪ್ಪಿಗೆ ಪಡೆಯುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಸೋರಿಕೆ ತಿಳಿಸುವ ನಿಯಮದಲ್ಲಿ ಸ್ಪಷ್ಟ, ಸರಳ ಎಂಬ ಮಾತಷ್ಟೇ ಇದೆ. ರಸೀದಿಯ ಮೇಲೆ ಕನ್ನಡದಲ್ಲಿ ಸಹಿ ಹಾಕಿದವರಿಗೆ ಇಂಗ್ಲಿಷಿನ ಪತ್ರ ಸ್ಪಷ್ಟವೂ ಅಲ್ಲ, ಸರಳವೂ ಅಲ್ಲ. ಇದರಲ್ಲಿ ವಾದಕ್ಕೆ ಎಡೆಯಿದೆ ಎಂದು ನನಗೆ ಅನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಫೋನ್ ಬರತೊಡಗುತ್ತದೆ. ಪತ್ರ ಬರೆದವರು ಯಾರೂ ಆ ಫೋನ್ ಎತ್ತುವುದಿಲ್ಲ, ಎತ್ತುವುದು ಕೌಂಟರಿನ ಹುಡುಗಿ. ಅವಳಿಗೆ ಪತ್ರವನ್ನು ಗ್ರಾಹಕರಿಗಿಂತ ಮೊದಲು ಓದಿಸದೆ ಇದ್ದರೆ, ಅಷ್ಟೆಲ್ಲ ಜೋಪಾನದಿಂದ ಬರೆದದ್ದು ಏನೂ ಆಗಿಲ್ಲ, ಸುಮ್ಮನೆ ಕಳಿಸಿದ್ದಾರೆ ಎಂಬ ಒಂದು ಮಾತಿನಲ್ಲಿ ಹಾಳಾಗುತ್ತದೆ. ಅವಳ ಮುಂದೆ ಒಂದು ಹಾಳೆ ಇರಬೇಕು, ಕಷ್ಟದ ಪ್ರಶ್ನೆಗಳು ಅದರ ಮೇಲ್ಭಾಗದಲ್ಲಿರಬೇಕು.

"ನಮ್ಮ ಯಜಮಾನ್ರ ರಿಪೋರ್ಟೂ ಹೋಗಿದೆಯೇನಮ್ಮಾ?"

"ಅವರ ವಿಷಯ ಅವರಿಗೇ ಹೇಳ್ಬೇಕಮ್ಮ, ಫೋನ್‌ನಲ್ಲಿ ಬೇರೆಯವರಿಗೆ ಹೇಳಕ್ಕಾಗಲ್ಲ. ಅವರು ರಸೀದಿ ತಗೊಂಡು ಬಂದ್ರೆ ತಕ್ಷಣ ನೋಡಿ ಹೇಳ್ತೀವಿ. ನಿಮ್ಮದು ಬೇಕಾದ್ರೆ ರಸೀದಿ ನಂಬರ್ ಹೇಳಿ, ನಿಮ್ಮ ಫೈಲಲ್ಲಿರೋ ನಂಬರಿಗೆ ನಾನೇ ವಾಪಸ್ ಮಾಡ್ತೀನಿ."

"ಕದ್ದವನು ಅದನ್ನ ಅಳಿಸ್ಬಿಟ್ಟಿದ್ದಾನಂತೆ?"

"ಅದು ನಮಗೆ ಗೊತ್ತಾಗಿಲ್ಲಮ್ಮ. ಗೊತ್ತಾದ್ರೆ ಬರೆದು ತಿಳಿಸ್ತೀವಿ."

ಆ ಕೊನೆಯ ಉತ್ತರ ಮುಖ್ಯ. ಒಂದು ವಾರದ ಬಳಿಕ ಇಳಿಸಿಕೊಂಡವನು ಸಿಕ್ಕೇ ಬಿಟ್ಟ, ಕುತೂಹಲಕ್ಕೆ ಮಾಡಿದೆ, ಅಳಿಸಿಬಿಟ್ಟೆ ಎಂದ ಎಂದಿಟ್ಟುಕೊಳ್ಳಿ. ಆಗಲೂ ಪತ್ರದಲ್ಲಿ ಮಾಹಿತಿ ಅಳಿಸಲಾಗಿದೆ ಎಂದು ಬರೆಯುವಂತಿಲ್ಲ. ಆಸ್ಟ್ರೇಲಿಯದ ಪ್ರಕರಣದಲ್ಲೂ ಕಡತ ಇಳಿಸಿಕೊಂಡವರು ತಮ್ಮ ಪ್ರತಿ ಅಳಿಸಿದೆವೆಂದು ತಿಳಿಸಿದ್ದರು, ಅವರ ನಡೆ ಪ್ರಾಮಾಣಿಕವಾಗಿಯೇ ಇತ್ತು. ಆದರೆ ಡಿಜಿಟಲ್ ಪ್ರತಿ ಅಳಿಸಿಹೋದದ್ದನ್ನು ಬೇರೆಯವರು ಪರೀಕ್ಷಿಸಿ ನೋಡುವ ಉಪಾಯ ಇಲ್ಲ. ಅಳಿಸಿದ್ದೇನೆ ಎಂದು ಆ ವ್ಯಕ್ತಿ ಬರೆದುಕೊಟ್ಟಿದ್ದಾನೆ, ಅದನ್ನು ನಾವು ಪರೀಕ್ಷಿಸಲು ಆಗುವುದಿಲ್ಲ ಎಂದರೆ ಅದು ನಿಜ, ಓದುವವರು ತಮ್ಮ ಎಚ್ಚರ ಎಷ್ಟಿರಬೇಕೆಂದು ತಾವೇ ತೀರ್ಮಾನಿಸಬಹುದು.

ಆಗಸ್ಟ್ 26ರ ಪತ್ರ ಹೆಚ್ಚಾಗಿ ಯಾರೂ ಬರೆಯುವುದಿಲ್ಲ. ಮೊದಲ ವಾರದ ಗದ್ದಲ ತಣ್ಣಗಾದ ಮೇಲೆ ಮತ್ತೆ ಯಾಕೆ ನೆನಪಿಸುವುದು ಎನ್ನುತ್ತಾರೆ. ಆದರೆ ಮೊದಲ ಪತ್ರದಲ್ಲಿ ಗೊತ್ತಿಲ್ಲ ಎಂದು ಬಿಟ್ಟ ಜಾಗಗಳಿಗೆ ಲೆಕ್ಕ ಕೊಡುವುದು ಈ ಪತ್ರವೇ. ಇಳಿಸಿಕೊಂಡವರು ಸಿಕ್ಕರೇ, ಸಿಗಲಿಲ್ಲವೇ, 1930ಕ್ಕೆ ಕೊಟ್ಟ ದೂರು ಎಲ್ಲಿಗೆ ಬಂತು, ಮೋಸದ ಕರೆಗಳು ಬಂದವೆಂದು ಗ್ರಾಹಕರಲ್ಲಿ ಎಷ್ಟು ಜನ ತಿಳಿಸಿದರು, ಕರೆ ಮಾಡಿದವರು ಏನೆಂದು ಹೇಳಿಕೊಂಡರು, ಹೊಸ ಲಿಂಕ್ ಈಗ ಒಟಿಪಿ ಕೇಳುತ್ತದೆಯೇ, ಲಾಗ್‌ಗಳನ್ನು ಇನ್ನು ಮುಂದೆ ಎಷ್ಟು ದಿನ ಇಡುತ್ತಾರೆ ಎಂಬುದು ಅದರಲ್ಲಿರಬೇಕು. ಮೋಸದ ಕರೆಯ ವಿವರ ಇದರಲ್ಲಿ ಎಲ್ಲಕ್ಕಿಂತ ಉಪಯುಕ್ತ. ಕರೆ ಮಾಡಿದವರು ಥೈರಾಯ್ಡ್ ರಿಪೋರ್ಟ್ ಹೆಸರು ಹೇಳಿ ಇನ್ನೊಂದು ಟೆಸ್ಟ್‌ಗೆಂದು 1,500 ರೂಪಾಯಿ ಮುಂಗಡ ಕೇಳುತ್ತಿದ್ದಾರೆ ಎಂದು ನಾಲ್ಕು ಜನ ತಿಳಿಸಿದ್ದರೆ, ಆ ಸಾಲನ್ನು ಉಳಿದವರಿಗೆ ತಲುಪಿಸಬೇಕು. ಅಂಥ ಕರೆ ಬಂದಾಗ ಅವರು ಗುರುತು ಹಿಡಿಯುವುದು ಅದರಿಂದಲೇ.